ಸರ್ವಮಂಗಳಾಳ ಜರ್ಮನ್ ಪಿಂಚಣಿ

ತನ್ನ ಕಚೇರಿಯಲ್ಲಿ ಕುಳಿತಿದ್ದಷ್ಟು ಹೊತ್ತೂ ಶ್ರೀಕರ ಸರ್ವಮಂಗಳಾಳ ಮುಖ ನೋಡಿ ಒಂದು ಮಾತೂ ಆಡಲಿಲ್ಲ. ತುಮಕೂರಿನಲ್ಲಿ ಕೂತು ವಿದೇಶಕ್ಕೆ ನರ್ಸ್‌ಗಳನ್ನು ಕಳಿಸುತ್ತಿದ್ದವನು, ಈಚೆಗೆ ವಾಪಸು ಬಂದವರ ಪಿಂಚಣಿ ದುಡ್ಡು ಬಿಡಿಸಿಕೊಡುವುದನ್ನೂ ಶುರುಮಾಡಿದ್ದ.

"ಸರ್, ಮೇಡಂ ಜರ್ಮನಿ ಬಿಟ್ಟು ಎರಡು ವರ್ಷ ಆಯ್ತು. ಈಗ ಅರ್ಜಿ ಹಾಕ್ಲಿಲ್ಲ ಅಂದ್ರೆ ಅಲ್ಲಿನವ್ರು ಎಲ್ಲಾ ಮುಟ್ಟುಗೋಲು ಹಾಕ್ಕೋತಾರೆ. ನಂಗೆ ನೂರಕ್ಕೆ ಮೂವತ್ತು ಸಾಕು," ಎಂದು ಅವಳ ಗಂಡ ಗುರುಪ್ರಕಾಶನಿಗೆ ಹೇಳಿದ.

ಗುಬ್ಬಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಗುರುಪ್ರಕಾಶ ಕಾಗದವನ್ನು ಹೆಂಡತಿಯ ಕಡೆ ಸರಿಸಿದ. "ಸೈನ್ ಹಾಕು ಮಂಗಳ. ಅಂಗಡಿ ಪಕ್ಕದ ಸೈಟಿಗೆ ಅಡ್ವಾನ್ಸ್ ಆಗುತ್ತೆ."

ಅದು ಅವಳ ಪರವಾಗಿ ವ್ಯವಹರಿಸುವ ಅಧಿಕಾರವನ್ನು ಶ್ರೀಕರನಿಗೆ ಕೊಡುವ ಮುಖ್ತಿಯಾರ್ ಪತ್ರ. ಅವಳು ಓದಿ ನೋಡಿದರೆ, ದುಡ್ಡು ಮೊದಲು ಶ್ರೀಕರನ ಖಾತೆಗೆ ಬರಬೇಕು ಎಂದಿತ್ತು.

"ನಿಮ್ಮ ಖಾತೆಗೆ ಯಾಕೆ?" ಎಂದಳು.

ಶ್ರೀಕರ ಗುರುಪ್ರಕಾಶನ ಕಡೆಗೇ ತಿರುಗಿ ನಕ್ಕ. "ಮೇಡಂಗೆ ಇದೆಲ್ಲ ಯಾಕೆ ಸರ್, ನೀವೇ ಒಂದ್ಸಲ ಹೇಳಿಬಿಡಿ."

ಸರ್ವಮಂಗಳ ಪೆನ್ನು ಮೇಜಿನ ಮೇಲಿಟ್ಟು ಎದ್ದಳು.

ಹುಲಿಯೂರುದುರ್ಗದಲ್ಲಿ ಬೆಳೆದು, ತುಮಕೂರಲ್ಲಿ ನರ್ಸಿಂಗ್ ಓದಿ, ಭಾಷೆಯ ಪರೀಕ್ಷೆಯನ್ನು ಎರಡು ಸಲ ಬರೆದು ಪಾಸಾಗಿ ಜರ್ಮನಿಗೆ ಹೋದವಳು ಅವಳು. ಅಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಂದು ವೃದ್ಧಾಶ್ರಮದಲ್ಲಿ ಮುದುಕರನ್ನು ಎತ್ತಿ ಕೂರಿಸಿ ಸೊಂಟ ಹಾಳುಮಾಡಿಕೊಂಡಿದ್ದಳು. ಊರಲ್ಲಿದ್ದ ಮಗಳು ಅಮೂಲ್ಯಾ ಫೋನಿನಲ್ಲಿ ಮಾತಾಡುವುದನ್ನೇ ಬಿಟ್ಟಾಗ ವಾಪಸು ಬಂದು, ತುಮಕೂರಿನ ಖಾಸಗಿ ಆಸ್ಪತ್ರೆಗೆ ಸೇರಿದಳು. ಸಂಬಳ ಕಮ್ಮಿ, ಆದರೆ ಪಿಎಫ್ ಇತ್ತು, ಅದರ ಪಿಂಚಣಿ ಯೋಜನೆಗೂ ಸೇರಿಸಿದ್ದರು. ತನ್ನ ಆ ವರ್ಷಗಳನ್ನು ಗಂಡಸರಿಬ್ಬರು ತಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಹಂಚಿಕೊಂಡರಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಅನ್ನಿಸುತ್ತಿತ್ತು.

ಜರ್ಮನಿಯ ಪಿಂಚಣಿ ಸಂಸ್ಥೆಗೆ ಅವಳೇ ಬರೆದಳು. ಅಲ್ಲಿಂದ ಉತ್ತರ ಬಂದ ಮೇಲೆ ರಜೆ ಹಾಕಿ ಪಿಎಫ್ ಕಚೇರಿಗೆ ಹೋದಳು. ಅಲ್ಲಿನ ಮಾಲಿನಿ ಎಂಬ ಅಧಿಕಾರಿ ಪತ್ರವನ್ನೂ ಎರಡು ದೇಶಗಳ ನಡುವಿನ ಪಿಂಚಣಿ ಒಪ್ಪಂದವನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಿಡಿಸಿ ಹೇಳಿದರು.

"ಗಡುವು ಅಂತ ಏನಿಲ್ಲ ಕಣಮ್ಮ. ಜರ್ಮನಿ ಬಿಟ್ಟು ಎರಡು ವರ್ಷ ಆಗೋ ತನಕ ವಾಪಸು ಕೇಳೋ ಹಾಗಿಲ್ಲ, ಅಷ್ಟೇ. ಆಮೇಲೆ ಯಾವಾಗ ಬೇಕಾದ್ರೂ ಕೇಳಬಹುದು. ಆದ್ರೆ ನಿಮ್ಮ ಸಂಬಳದಲ್ಲಿ ಹಿಡಿದಿದ್ದು ಮಾತ್ರ ಬರುತ್ತೆ. ಮಾಲೀಕರು ಕಟ್ಟಿದ ಭಾಗ ಬರಲ್ಲ. ತಗೊಂಡ್ರೆ ಅಲ್ಲಿನ ಹಕ್ಕೆಲ್ಲ ಅಲ್ಲಿಗೇ ಮುಗೀತು."

"ತಗೊಳ್ಳದೆ ಇದ್ರೆ?"

"ಅಲ್ಲಿ ಪಿಂಚಣಿಗೆ ಐದು ವರ್ಷ ಬೇಕು, ನಿಮ್ಮದು ಕಮ್ಮಿ ಬಿದ್ದಿದೆ. ಇಲ್ಲಿನ ಪಿಎಫ್ ಪಿಂಚಣಿಯ ಅವಧಿ ಅದಕ್ಕೆ ಸೇರಿಸಬಹುದು, ಆಗ ಅರ್ಹತೆ ಬರುತ್ತೆ. ದುಡ್ಡು ಕೊಡೋದು ಅಲ್ಲಿ ಕಟ್ಟಿದ್ದಕ್ಕೆ ಮಾತ್ರ. ಅರವತ್ತೇಳಕ್ಕೆ ತಿಂಗಳು ತಿಂಗಳು ಇಲ್ಲಿಗೇ ಬರುತ್ತೆ. ನಿಮ್ಮ ಲೆಕ್ಕ ಕೊನೆಗೆ ತೀರ್ಮಾನ ಮಾಡೋದು ಅಲ್ಲಿಯವ್ರೇ."

ಅರ್ಜಿಗೆ ಶುಲ್ಕವೇ ಇಲ್ಲ ಎನ್ನುವುದೂ ಆಗ ಗೊತ್ತಾಯಿತು. ಶ್ರೀಕರ ಕೇಳಿದ ಮೂವತ್ತು ಯಾವುದಕ್ಕೆ? ಹೇಳಿದ ಸುಳ್ಳಿಗೆ.

ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದಳು.

"ಅರವತ್ತೇಳಾ? ಅಲ್ಲೀ ತನಕ ಯಾರಿರ್ತಾರೆ ಮಂಗಳ? ಸೈಟು ಈಗ ಹೋದ್ರೆ ಮತ್ತೆ ಸಿಗಲ್ಲ."

"ಸೈಟು ಬೇಕಾದ್ರೆ ಕೂತು ಲೆಕ್ಕ ಹಾಕೋಣ ಕಣ್ರೀ, ಸಾಲ ಬೇಕಾದ್ರೂ ಮಾಡೋಣ. ಆದ್ರೆ ಅವನ ಮುಂದೆ ನನ್ನ ಕೇಳ್ದೆ ಹೂಂ ಅಂದ್ರಲ್ಲ, ಅದು ನನಗೆ ಸೇರಲ್ಲ. ನಿಮ್ಮ ಅಂಗಡೀನ ನಾನು ಯಾರಿಗಾದ್ರೂ ಬರೆದುಕೊಡ್ತೀನಾ?"

ಅವನು ಊಟ ಮುಗಿಸಿ ಎದ್ದು ಹೋದ. ವಾರವೆಲ್ಲ ಮುನಿಸಿಕೊಂಡೇ ಇದ್ದ. ಸರ್ವಮಂಗಳ ದುಡ್ಡು ಬಿಡಿಸಲಿಲ್ಲ, ಮುಖ್ತಿಯಾರ್‌ಗೂ ಸೈನ್ ಹಾಕಲಿಲ್ಲ. ಸೈಟು ಬೇರೆಯವರಿಗೆ ಹೋಯಿತು.

ಶ್ರೀಕರ ಫೈಲ್ ಚಾರ್ಜ್ ಕೊಡಿ ಎಂದು ಗುರುಪ್ರಕಾಶನಿಗೆ ಫೋನ್ ಮಾಡಿದ. ಸರ್ವಮಂಗಳ ಗಂಡನ ಕೈಯಿಂದ ಫೋನ್ ಇಸಿದುಕೊಂಡಳು. "ನನ್ನ ಹತ್ರ ಮಾತಾಡಿ. ಎರಡು ವರ್ಷದ ಗಡುವು ಯಾವ ಕಾನೂನಲ್ಲಿದೆ, ಬರೆದು ಕಳಿಸಿ. ಅದನ್ನ ಹಿಡ್ಕೊಂಡು ಪೊಲೀಸ್ ಠಾಣೆಗೇ ಹೋಗ್ತೀನಿ." ಆ ಕಡೆಯಿಂದ ಫೋನ್ ಕಟ್ಟಾಯಿತು.

ಶ್ರೀಕರನ ಬಳಿಗೇ ಹೋಗಲಿದ್ದ ಬೆಳ್ಳಾವಿಯ ಶಶಿರೇಖಾಳಿಗೂ ವಿಷಯ ಮುಟ್ಟಿಸಿದಳು. ಶಶಿರೇಖಾ ಜರ್ಮನಿಯಲ್ಲಿ ಎರಡೇ ವರ್ಷ ಕೆಲಸ ಮಾಡಿದ್ದವಳು, ಈಗ ಊರಲ್ಲಿ ಹೊಲಿಗೆ ಅಂಗಡಿ ನಡೆಸುತ್ತಾಳೆ, ಪಿಎಫ್ ಇಲ್ಲ. "ಅರ್ಧವೇ ಬಂದ್ರೂ ಇರ್ಲಿ ಅಕ್ಕ, ನನಗೆ ಈಗ್ಲೇ ಬೇಕು," ಎಂದಳು.

"ಹಾಗಾದ್ರೆ ತಗೋ. ಆದ್ರೆ ನಿನ್ನ ಖಾತೆಗೇ ತರಿಸ್ಕೋ," ಎಂದು ಹೇಳಿ, ಬೆಳ್ಳಾವಿ ಬಸ್ಸಿನಲ್ಲಿ ಬಂದಿಳಿದ ಅವಳನ್ನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂರಿಸಿಕೊಂಡು, ಅರ್ಜಿಯನ್ನು ಸಾಲುಸಾಲಾಗಿ ತುಂಬಿಸಿದಳು.