ಎರಡು ಪಟ್ಟಿಗಳ ನಡುವೆ ಕಾಣೆಯಾದ ಹುಡುಗಿ

ಯಾದಗಿರಿಯ ಜಿಲ್ಲಾ ಕಚೇರಿಯೊಂದರಲ್ಲಿ ನಾನು ಡೇಟಾ ಎಂಟ್ರಿ ಆಪರೇಟರ್. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಯಾರೂ ಕೇಳದಿದ್ದರೂ ಇದನ್ನು ಹೇಳುತ್ತೇನೆ, ಅಷ್ಟು ಕಷ್ಟಪಟ್ಟಿದ್ದೇನೆ. ಕಾಲೇಜು ಮಕ್ಕಳ ಸರ್ಕಾರಿ ಹಾಸ್ಟೆಲ್ಲಿನ ಪ್ರವೇಶ ಪಟ್ಟಿ ನಮ್ಮ ಕಚೇರಿಯಿಂದಲೇ ಹೊರಡುತ್ತದೆ.

ಒಂದು ಮುಂಜಾನೆ ಗೋಗಿಯಿಂದ ಒಬ್ಬ ತಾಯಿ ಮಗಳ ಸಮೇತ ಬಂದಳು. ಹಾಸಿಗೆ ಸುರುಳಿ, ಟ್ರಂಕು ಎಲ್ಲವೂ ಜೊತೆಗಿದ್ದವು. ಮೊದಲ ಪಟ್ಟಿಯಲ್ಲಿ ಮಗಳ ಹೆಸರು ಇತ್ತು. ಸಾಮಾನು ಹೊತ್ತು ಹಾಸ್ಟೆಲ್ಲಿಗೆ ಹೋದರೆ ವಾರ್ಡನ್ ಎರಡನೆಯ ಪಟ್ಟಿ ತೆಗೆದು, ಈ ಹೆಸರಿನ ಹುಡುಗಿ ನಿನ್ನೆಯೇ ಬಂದು ಸೇರಿದ್ದಾಳೆ, ನೀನು ಯಾರು ಎಂದು ಕೇಳಿದ್ದರಂತೆ. ಸೇರುವ ಅವಧಿ ಮರುದಿನ ಸಂಜೆಗೆ ಮುಗಿಯುತ್ತಿತ್ತು.

"ಹಾಸ್ಟೆಲ್ ಇಲ್ಲಂದ್ರ ದಿನಾ ಬಸ್ಸಿಗೆ ಓಡ್ಯಾಡಬೇಕ್ರಿ ಅಕ್ಕಾರ," ಎಂದಳು ತಾಯಿ. "ಮನ್ಯಾಗ ಗಂಡಸ್ರು ಒಪ್ಪಂಗಿಲ್ಲ. ಕಾಲೇಜು ಇಲ್ಲಿಗೇ ಮುಗೀತಂತ ತಿಳೀರಿ."

ಹಾಸ್ಟೆಲ್ ಕಡತ ನೋಡುವ ಗುಮಾಸ್ತರು ಸುರಪುರದವರು. ಒಳ್ಳೆಯ ಮನುಷ್ಯರು, ಕೆಲಸದಲ್ಲಿ ಅತಿ ಅಚ್ಚುಕಟ್ಟು. ಅವರು ಹೊಸ ಪಟ್ಟಿಯಲ್ಲಿ ಹೆಸರು ಹುಡುಕಿದರು. ಹೆಸರು ಸಿಕ್ಕಿತು. ತಂದೆಯ ಹೆಸರು, ಊರು, ಹುಟ್ಟಿದ ದಿನ, ಎಲ್ಲವೂ ಸಿಕ್ಕವು.

"ಅದಾಳಲ್ಲವ್ವಾ ಇಲ್ಲಿ! ಕಣ್ಣಿಗೆ ಕಾಣಾಕತ್ತಾಳ."

"ಆಕಿ ಬ್ಯಾರೇದಾಕ್ರಿ. ನಮ್ಮಾಕಿ ನಿಮ್ಮ ಮುಂದ ನಿಂತಾಳ."

ಎದುರಿಗೆ ನಿಂತವಳಿಗಿಂತ ಪರದೆಯ ಮೇಲಿನವಳ ಮೇಲೆ ಗುಮಾಸ್ತರಿಗೆ ನಂಬಿಕೆ ಹೆಚ್ಚು. ಅರ್ಜಿ ಸಂಖ್ಯೆ ಹಾಕಿ ಹುಡುಕಿ ಎಂದು ಹುಡುಗಿ ಚೀಟಿ ಕೊಟ್ಟಳು. ಆ ಸಂಖ್ಯೆ ಸಿಗಲಿಲ್ಲ. "ನಂಬರ್ ತಪ್ಪು ಬರಕೊಂಡಾಳ," ಎಂದು ಚೀಟಿ ವಾಪಸ್ ಕೊಟ್ಟರು.

ವಿಷಯ ಸಾಹೇಬರ ತನಕ ಹೋಯಿತು. "ಎರಡೂ ಪಟ್ಟ್ಯಾಗ ಒಟ್ಟು ಸಂಖ್ಯೆ ಒಂದೇ ಅದ. ಯಾರೂ ಹೋಗಿಲ್ಲ, ಯಾರೂ ಬಂದಿಲ್ಲ," ಎಂದರು ಸಾಹೇಬರು. ಆಮೇಲೆ ನನ್ನ ಕಡೆ ತಿರುಗಿ, "ಒಬ್ಬಾಕಿ ಸಲುವಾಗಿ ಪಟ್ಟಿ ತಿದ್ದಾಕ ಆಗಂಗಿಲ್ಲ. ಏನೇನು ಬದಲಾಗ್ಯದ ಅಂತ ಪೂರಾ ತೋರಿಸವ್ವಾ, ಆಮ್ಯಾಲ ನೋಡೋಣು."

ಅರ್ಜಿಗಳ ಪೋರ್ಟಲ್ಲಿನಿಂದ ಇಳಿಸಿದ ಮೊದಲ ಸಿಎಸ್‌ವಿ ಫೈಲು, ಅಂದರೆ ಕಾಲಮ್ಮುಗಳ ನಡುವೆ ಅಲ್ಪವಿರಾಮ ಹಾಕಿದ ಪಟ್ಟಿ, ನನ್ನ ಬಳಿ ಹಾಗೇ ಇತ್ತು. ಎರಡನೆಯದನ್ನು ಗುಮಾಸ್ತರು ಎಕ್ಸೆಲ್ಲಿನಲ್ಲಿ ತೆರೆದು ಅಚ್ಚುಕಟ್ಟು ಮಾಡಿ ಉಳಿಸಿದ್ದರು. ಎರಡರ ನಕಲು ತೆಗೆದು, ಎಡಕ್ಕೆ ಹಳೆಯದು ಬಲಕ್ಕೆ ಹೊಸದು ಇಟ್ಟು, ಎರಡರ ವ್ಯತ್ಯಾಸವನ್ನು ಬಣ್ಣದಲ್ಲಿ ತೋರಿಸುವ ಡಿಫ್ ಓಡಿಸಿದೆ. ಮೇಲಿನ ಶೀರ್ಷಿಕೆಯ ಸಾಲೊಂದನ್ನು ಬಿಟ್ಟರೆ ಇಡೀ ಪರದೆ ಬಣ್ಣ ಬಣ್ಣ.

ಸಾಹೇಬರು ಬಗ್ಗಿ ನೋಡಿ ಗಾಬರಿಯಾದರು. "ಇಡೀ ಜಿಲ್ಲಾ ಬದಲಾಗ್ಯದೇನು?"

"ಇಲ್ರಿ ಸರ್. ನಮ್ಮ ಅಣ್ಣಾರು ಅಚ್ಚುಕಟ್ಟು ಮಾಡ್ಯಾರ."

ಡಿಫ್‌ಗೆ ಮನುಷ್ಯರು ಗೊತ್ತಿಲ್ಲ. ಅದು ಸಾಲಿಗೆ ಸಾಲು ಅಕ್ಷರಗಳನ್ನು ಹೋಲಿಸುತ್ತದೆ, ಅಷ್ಟೇ. ಪೋರ್ಟಲ್ಲು ಅರ್ಜಿ ಸಂಖ್ಯೆಯ ಕ್ರಮದಲ್ಲಿ ಕೊಟ್ಟಿದ್ದನ್ನು ಗುಮಾಸ್ತರು ಹೆಸರಿನ ಕ್ರಮಕ್ಕೆ ತಂದಿದ್ದರು. ಪೋರ್ಟಲ್ಲಿನಲ್ಲಿ ಸುರಪುರಕ್ಕೆ ಶೋರಾಪುರ ಎಂದಿದ್ದದ್ದು ಅವರಿಗೆ ಹಿಡಿಸಿರಲಿಲ್ಲ. ಹುಟ್ಟೂರಿನ ಮೇಲಿನ ಪ್ರೀತಿಗೆ ಅಷ್ಟನ್ನೂ ಸುರಪುರ ಮಾಡಿದ್ದರು. ಇನ್ನು ಹುಟ್ಟಿದ ದಿನಗಳನ್ನು ಎಕ್ಸೆಲ್ ತಾನಾಗಿಯೇ ತಿದ್ದಿತ್ತು: 01-06 ಇದ್ದದ್ದು 1/6 ಆಗಿತ್ತು.

ಅರ್ಜಿ ಸಂಖ್ಯೆ ಮೊದಲ ಕಾಲಮ್ಮಿನಲ್ಲೇ ಇದ್ದದ್ದರಿಂದ ಎರಡೂ ನಕಲುಗಳ ಸಾಲುಗಳನ್ನು ಅದರ ಪ್ರಕಾರ ಜೋಡಿಸಿದೆ. ಹಳೆಯದರಲ್ಲಿ ಶೋರಾಪುರವನ್ನು ಸುರಪುರ ಮಾಡಿದೆ. ಗುಮಾಸ್ತರು ಸಮಾಧಾನದಿಂದ ತಲೆಯಾಡಿಸಿದರು. ಹೊಸದರಲ್ಲಿ 1/6 ಅನ್ನು ಮತ್ತೆ 01-06 ಮಾಡಿದೆ. ಅದನ್ನು ಹುಡುಕುವಾಗ ಹಿಂದಿನ ಅಲ್ಪವಿರಾಮವನ್ನೂ ಸೇರಿಸಿಕೊಂಡೆ, ಇಲ್ಲದಿದ್ದರೆ 11/6 ಕೂಡ ಕೆಡುತ್ತಿತ್ತು. ಈ ಒಂದೇ ಬದಲಾವಣೆಗೆ ಮುಕ್ಕಾಲು ಪಾಲು ಸಾಲುಗಳು ಸರಿಹೋದವು. ಉಳಿದವನ್ನು ಕೈಯಿಂದ ತಿದ್ದಿದೆ.

ಮತ್ತೆ ಡಿಫ್ ಓಡಿಸಿದೆ. ಬಣ್ಣ ಇಳಿಯಿತು. ಕೆಲವು ಸಾಲುಗಳಲ್ಲಿ ಒಂದು ಪದ ಮಾತ್ರ ಬದಲಾಗಿತ್ತು: ಸುರಪುರ ತಾಲ್ಲೂಕು ಎಂದಿದ್ದವರು ಅದರಿಂದ ಒಡೆದ ಹೊಸ ಹುಣಸಗಿ ತಾಲ್ಲೂಕಾಗಿದ್ದರು, ಅದು ಸರಿಯೇ. ಕೆಲವು ಸಾಲುಗಳು ಬಲಕ್ಕೆ ಮಾತ್ರ ಹಸಿರಾಗಿದ್ದವು: ತಡವಾಗಿ ಬಂದ ಅರ್ಜಿಗಳು. ಅಷ್ಟೇ ಸಾಲುಗಳು ಎಡಕ್ಕೆ ಕೆಂಪಾಗಿದ್ದವು: ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದವರು. ಬಂದವರೂ ಹೋದವರೂ ಸಮನಾದದ್ದರಿಂದಲೇ ಒಟ್ಟು ಸಂಖ್ಯೆ ಅಷ್ಟು ಚೆಂದ ಕೂಡಿಬಂದಿತ್ತು.

ಹುಡುಗಿಯ ಚೀಟಿಯ ಸಂಖ್ಯೆ ಕೆಂಪು ಸಾಲಿನಲ್ಲಿತ್ತು.

"ಇವೆಲ್ಲ ಎರಡೆರಡು ಸಲ ಹಾಕಿದ ಅರ್ಜಿ," ಎಂದರು ಗುಮಾಸ್ತರು. "ಕಂಪ್ಯೂಟರ್ ಅಂಗಡ್ಯಾಗ ಸರ್ವರ್ ನಿಂತಿತ್ತಂದ್ರ ಮತ್ತೊಮ್ಮೆ ಒತ್ತತಾರ. ನಾ ತೆಗದೀನಿ."

ಹೆಸರು, ತಂದೆ, ಊರು, ಹುಟ್ಟಿದ ದಿನ, ಈ ನಾಲ್ಕೂ ಒಂದೇ ಇದ್ದರೆ ಒಬ್ಬರನ್ನು ಉಳಿಸಿ ಇನ್ನೊಬ್ಬರನ್ನು ಅಳಿಸು ಎಂದು ಎಕ್ಸೆಲ್ಲಿಗೆ ಹೇಳಿದ್ದರು. ಉಳಿದ ಕೆಂಪು ಸಾಲುಗಳ ಮಟ್ಟಿಗೆ ಅವರ ಮಾತು ಖರೆ. ಅವುಗಳ ಜೋಡಿಯಲ್ಲಿ ಮೊಬೈಲು, ಕಾಲೇಜು ಕೂಡ ಅವೇ ಇದ್ದವು. ಇವಳದು ಮಾತ್ರ ಎರಡೂ ಬೇರೆ.

"ಇಬ್ಬರ ತಂದಿ ಹೆಸರೂ ಒಂದೇ ಹ್ಯಾಂಗ?" ಸಾಹೇಬರು ತಾಯಿಯನ್ನು ಕೇಳಿದರು.

"ನಮ್ಮೂರಾಗ ಆ ಹೆಸರಿನವ್ರು ಓಣಿಗೊಬ್ರು ಅದಾರ್ರಿ. ನಮ್ಮ ಮನಿಯವ್ರಿಗೆ ಬಾವಿಮನಿಯವ್ರು ಅಂತಾರ, ಅವ್ರಿಗೆ ಗಿರಣಿಯವ್ರು ಅಂತಾರ. ಅದನ್ನ ಬರಿಯಾಕ ನಿಮ್ಮ ಅರ್ಜ್ಯಾಗ ಜಾಗಾನೇ ಇಲ್ಲ."

"ಹುಟ್ಟಿದ ದಿನಾನೂ ಒಂದೇ?"

"ಈಕಿ ಹುಟ್ಟಿದ್ದು ಜ್ವಾಳದ ಸುಗ್ಯಾಗ್ರಿ. ಜೂನ್ ಒಂದು ಸಾಲಿ ಮಾಸ್ತರ್ರು ಕೊಟ್ಟಿದ್ದು."

ಶಾಲೆಗೆ ಹೆಸರು ಹಚ್ಚುವಾಗ ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಮಾಸ್ತರರು ಕೊಡುತ್ತಿದ್ದ ದಿನ ಅದು. ನನಗೂ ಅದೇ. ಗುಮಾಸ್ತರಿಗೂ ಅದೇ. ಸಾಹೇಬರು ಪೇಪರ್‌ವೇಟನ್ನು ಸುಮ್ಮನೆ ತಿರುಗಿಸುತ್ತಿದ್ದ ರೀತಿ ನೋಡಿದರೆ ಅವರಿಗೂ ಅದೇ ಇರಬೇಕು.

"ಇಬ್ಬರೂ ಬ್ಯಾರೆ ಬ್ಯಾರೆ ಅನ್ನಾಕ ಏನಾದ್ರೂ ಪುರಾವೆ ಬೇಕಲ್ಲ," ಎಂದರು ಕೊನೆಗೆ. ಹಾಸ್ಟೆಲ್ಲಿಗೆ ಫೋನು ಮಾಡಿ ಆ ಹುಡುಗಿಯನ್ನು ಕರೆಸಿದೆವು. ಅವಳು ಬಂದವಳೇ ಇವಳನ್ನು ನೋಡಿ, "ಎಲ್ಲಿ ಹೋಗಿದ್ದೆಲೇ? ನಿನ್ನೆ ಇಡೀ ದಿನ ಹಾದಿ ನೋಡೀನಿ!" ಎಂದಳು. ಇಬ್ಬರೂ ಅಕ್ಕಪಕ್ಕ ನಿಂತರು. ಹಾಸ್ಟೆಲ್ಲಿನಿಂದ ಬಂದವಳು ಇವಳಿಗಿಂತ ಗೇಣುದ್ದ ಎತ್ತರ. ಸಾಹೇಬರು ಟಿಪ್ಪಣಿಯಲ್ಲಿ "ಖುದ್ದು ಪರಿಶೀಲಿಸಲಾಗಿದೆ" ಎಂದು ಬರೆದು ಸಹಿ ಮಾಡಿದರು.

ಗುಮಾಸ್ತರು ಸಾಲನ್ನು ವಾಪಸ್ ಸೇರಿಸಿ ಮೂರನೆಯ ಪಟ್ಟಿ ತಯಾರಿಸಿದರು. ಕಳಿಸುವ ಮೊದಲು ಅದನ್ನೂ ಎರಡನೆಯದರ ಜೊತೆ ಹೋಲಿಸಿದೆ. ಒಂದೇ ಒಂದು ಹಸಿರು ಸಾಲು ಬರಬೇಕಿತ್ತು. ಹಸಿರಿನ ಜೊತೆ ಒಂದು ಕೆಂಪೂ ಬಂತು: ಈಗ ಎತ್ತರದ ಹುಡುಗಿ ಕಾಣೆ.

"ಅಣ್ಣಾರ, ಮತ್ತ ಡೂಪ್ಲಿಕೇಟ್ ತೆಗದಿರೇನು?"

"ಕೈ ರೂಢಿ ಬಿದ್ದದವಾ," ಎಂದರು. ಹೊಸ ಸಾಲನ್ನು ಮೇಲೆ ಸೇರಿಸಿದ್ದರು. ಎಕ್ಸೆಲ್ ಮೇಲಿನವಳನ್ನು ಉಳಿಸಿ ಕೆಳಗಿನವಳನ್ನು ಅಳಿಸಿತ್ತು. ಸರ್ಕಾರಕ್ಕೆ ಗೋಗಿಯಿಂದ ಒಂದು ಹೊತ್ತಿಗೆ ಒಬ್ಬಳೇ ಸಾಕು ಎಂಬಂತೆ. ನಾಲ್ಕನೆಯ ಪಟ್ಟಿಯನ್ನು ನಾನೇ ಕೂತು ಮಾಡಿದೆ. ಹೋಲಿಸಿದಾಗ ಒಂದು ಹಸಿರು ಸಾಲು, ಬೇರೇನೂ ಇಲ್ಲ.

ಪಟ್ಟಿಯ ಪ್ರತಿ ಕೈಗಿಟ್ಟಾಗ ತಾಯಿ ಅದರಲ್ಲಿ ಎರಡೂ ಹೆಸರುಗಳನ್ನು ಮಗಳಿಂದ ಓದಿಸಿದಳು.

"ಅಕ್ಕಾರ, ನಾಳಿ ಮತ್ತ ಹೊಸಾ ಪಟ್ಟಿ ಬರತದೇನ್ರಿ?"

"ಬರಬಹುದು," ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹಂಗಾದ್ರ ಈಗ್ಲೇ ಹೋಗಿ ಹಾಸಿಗಿ ಹಾಸಿ ಬರ್ತೀನ್ರಿ," ಎಂದು ಆಕೆ ಟ್ರಂಕನ್ನು ತಲೆಗೇರಿಸಿಕೊಂಡಳು. "ಮಲಗಿದಾಕಿನ್ನ ಹ್ಯಾಂಗ ಅಳಸ್ತಾರ ನೋಡೇ ಬಿಡೂಣು."