ಗಂಗಾಂಬಿಕಾ ಟೀಚರ್ ಕತ್ತರಿಸಿದ ಒಂದು ಅಂಕ

ಹರಪನಹಳ್ಳಿಯ ನಮ್ಮ ಶಾಲೆಯಲ್ಲಿ ನಾನು ಲೆಕ್ಕದ ಮೇಷ್ಟ್ರು. ಅಂಕ ಕೊಡುವುದರಲ್ಲಿ ನಾನೇ ಜಿಪುಣ ಅಂತ ಮೆರೆಯುತ್ತಿದ್ದೆ, ಕನ್ನಡಕ್ಕೆ ಗಂಗಾಂಬಿಕಾ ಟೀಚರ್ ಬರುವವರೆಗೆ. ಆಯಮ್ಮನ ಕೆಂಪು ಪೆನ್ನಿಗೆ ದಾಕ್ಷಿಣ್ಯವೆಂಬುದೇ ಇಲ್ಲ.

ಪ್ರಬಂಧ ಬರೆಸುವ ಮೊದಲೇ ಅವರು ಅಂಕದ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಕ್ರಮಕ್ಕೆ ಮೂರು, ವಿವರಕ್ಕೆ ನಾಲ್ಕು, ಭಾವಕ್ಕೆ ಮೂರು. ಯಾವುದಾದ ಮೇಲೆ ಯಾವುದು ನಡೆಯಿತು, ನೀನು ಏನು ಕಂಡೆ, ನಿನಗೆ ಏನನ್ನಿಸಿತು. ಎಷ್ಟು ಪುಟ ಅಂತ ಯಾರಾದರೂ ಕೇಳಿದರೆ, ಮುಗಿಯುವಷ್ಟು ಅನ್ನುತ್ತಾರೆ.

ಎಂಟನೇ ತರಗತಿಯ ಅಮೃತಾ ಗುಡೇಕೋಟೆಗೆ ಹೋದ ಶಾಲಾ ಪ್ರವಾಸದ ಬಗ್ಗೆ ನಾಲ್ಕು ಪುಟ ಬರೆದಿದ್ದಳು. ಹತ್ತಕ್ಕೆ ಮೂರು ಬಂತು. ಮರುದಿನವೇ ಅವಳ ಅಪ್ಪ, ಮೆಕ್ಕೆಜೋಳದ ವ್ಯಾಪಾರಿ ಕೊಟ್ರಸ್ವಾಮಿ, ಉತ್ತರ ಪತ್ರಿಕೆ ಹಿಡಿದು ಸ್ಟಾಫ್ ರೂಮಿಗೆ ಬಂದರು. ಒಂದೂವರೆ ಪುಟ ಬರೆದ ಹುಡುಗಿಗೆ ಎಂಟು, ನನ್ನ ಮಗಳಿಗೆ ಮೂರು, ಇದ್ಯಾವ ನ್ಯಾಯ ಅಂತ ಅವರ ತಕರಾರು. ಮಾತಿನ ನಡುವೆ ಫೋನು ಬಡಿದುಕೊಳ್ಳುತ್ತಲೇ ಇತ್ತು. ಯಾರು ಅಂತಲೂ ವಿಚಾರಿಸದೆ, "ಆಮ್ಯಾಲ ಮಾಡ್ರಿ" ಅಂದು ಕತ್ತರಿಸುತ್ತಿದ್ದರು. ಹೆಡ್ಮಾಸ್ಟರು ಬಾಗಿಲಲ್ಲಿ ನಿಂತು, ಎರಡು ಅಂಕ ಹಾಕಿ ಕಳಿಸಿಬಿಡಿ ಅಂತ ಕಣ್ಣಲ್ಲೇ ಸನ್ನೆ ಮಾಡಿದರು. ಟೀಚರ್ ಅತ್ತ ನೋಡಲೇ ಇಲ್ಲ.

"ನಿಮ್ಮ ಅಂಗಡಿಗೆ ಚೀಲ ಬಂದ್ರ ಬರೀ ತೂಕ ನೋಡ್ತೀರೇನ್ರಿ? ಕಾಳು ಹಸಿ ಇದ್ರ ರೇಟು ಇಳಸ್ತೀರಿಲ್ಲ?" ಅಂದರು.

"ಮತ್ತ? ನೀರಿಗೆ ರೊಕ್ಕ ಕೊಡಾಕ ಆಗತೈತೇನ್ರಿ?"

"ಇದ್ರಾಗೂ ನೀರೈತ್ರಿ. ಓದಿ ನೋಡ್ರಿ."

ಕೊಟ್ರಸ್ವಾಮಿ ಓದಿದರು. ಪ್ರವಾಸದಿಂದ ಜ್ಞಾನ ಹೆಚ್ಚುತ್ತದೆ ಅಂತ ಮೂರು ಕಡೆ ಇತ್ತು. ಪ್ರಕೃತಿಯ ಸೊಬಗನ್ನು ಬಣ್ಣಿಸಲು ಪದಗಳೇ ಸಾಲವು ಅಂತ ಒಂದಿಡೀ ಪುಟ ಪದಗಳಿದ್ದವು. ಗುಡೇಕೋಟೆಯ ಬೆಟ್ಟದ ಮೇಲೆ ಎಲ್ಲರ ಊಟ ಮುಗಿದು, ಆಮೇಲೆ ಬಸ್ಸು ಗುಡೇಕೋಟೆ ತಲುಪಿತ್ತು. ಅಂಚಿನಲ್ಲಿ ಟೀಚರ್ ಒಂದೇ ಪ್ರಶ್ನೆ ಬರೆದಿದ್ದರು: "ಇದರಲ್ಲಿ ನೀನು ಎಲ್ಲಿದ್ದೀ?" ಕೊಟ್ರಸ್ವಾಮಿ ಗೊಣಗುತ್ತಾ ಹೋದರು.

ಸಂಜೆ ಟೀಚರ್ ಅಮೃತಾಳನ್ನು ಕರೆಸಿದರು. ಹುಡುಗಿ ಚಪ್ಪಲಿ ಹೊರಗೆ ಬಿಟ್ಟು ಬಂದಳು. ಒಂದು ಚಪ್ಪಲಿಯ ಬಾರಿಗೆ ಕರಿ ಉಣ್ಣೆಯ ದಾರ ಸುತ್ತಿತ್ತು. ಇದನ್ನು ಯಾರು ಕಟ್ಟಿದರು ಅಂತ ಟೀಚರ್ ಕೇಳಿದರು. ಹುಡುಗಿ ತಲೆ ತಗ್ಗಿಸಿ, ಅದು ಸಣ್ಣ ವಿಷಯ, ಅರ್ಧ ಪುಟವೂ ಆಗಲ್ಲ ಅಂದಳು. ಅಷ್ಟೇ ಬರಿ ಅಂದರು ಟೀಚರ್. ಬರೆದದ್ದನ್ನು ಓದಿ, ಅಪ್ಪನಿಗೆ ತೋರಿಸಲಾ ಅಂತಲೂ ಕೇಳಿದರು. ಅಮೃತಾ ಹಾಳೆಯನ್ನು ಇನ್ನೊಮ್ಮೆ ಓದಿಕೊಂಡು, ಹೂಂ ಅಂದಳು.

ಹಾಗಾಗಿ ಮೂರನೆಯ ದಿನ ಕೊಟ್ರಸ್ವಾಮಿ ಮತ್ತೆ ಅದೇ ಕುರ್ಚಿಯಲ್ಲಿದ್ದರು. ಮಗಳು ಪಕ್ಕದಲ್ಲಿ ನಿಂತಿದ್ದಳು. ಟೀಚರ್ ನನ್ನ ಕೈಗೆ ಹಾಳೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದರು.

"ಎಲ್ಲರೂ ಬೆಟ್ಟ ಇಳಿದರು. ನಾನು ಬಂಡೆಯ ಮೇಲೆ ಒಬ್ಬಳೇ ಕೂತೆ. ಕುರಿ ಕಾಯುವ ಗಾದೆಮ್ಮಜ್ಜಿ ಬಂದು ತನ್ನ ಫೋನ್ ಕೊಟ್ಟಳು. ನನಗೆ ಅಪ್ಪನ ನಂಬರ್ ಒಂದೇ ಬಾಯಿಪಾಠ. ಆ ಕಡೆ ಲಾರಿ ಸದ್ದು ಕೇಳಿಸಿತು. ಆಮ್ಯಾಲ ಮಾಡ್ರಿ ಅಂದ್ರು. ಅಪ್ಪಾ ಅನ್ನುವಷ್ಟರಲ್ಲಿ ಕಟ್ ಆಯಿತು. ನಿಮ್ಮಪ್ಪ ಏನಂದ ಅಂತ ಅಜ್ಜಿ ಕೇಳಿದಳು. ಹುಷಾರಾಗಿ ಬಾ ಅಂದ್ರು ಅಂತ ಸುಳ್ಳು ಹೇಳಿದೆ. ಅಪ್ಪ ಒಳ್ಳೆಯವರು, ಅದು ಅಜ್ಜಿಗೆ ಗೊತ್ತಿರಲಿಲ್ಲ. ಅಜ್ಜಿ ತನ್ನ ಕಂಬಳಿಯ ದಾರ ಕಿತ್ತು ಚಪ್ಪಲಿ ಕಟ್ಟಿ, ಬಸ್ಸಿನವರೆಗೆ ಕೈ ಹಿಡಿದು ಬಂದಳು. ಇಳಿಯುವಾಗಲೇ ನನ್ನ ಚಪ್ಪಲಿ ಬಾರು ಕಿತ್ತಿತ್ತು."

ನನ್ನ ದನಿ ಎರಡು ಕಡೆ ಕೈಕೊಟ್ಟಿತು, ಸುಳ್ಳೇಕೆ ಹೇಳಲಿ. ಕೊಟ್ರಸ್ವಾಮಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಟೀಚರ್ ಮಾತ್ರ ಹಾಳೆ ಇಸಿದುಕೊಂಡು ಹತ್ತಕ್ಕೆ ಒಂಬತ್ತು ಬರೆದರು. ನನಗೆ ಸಿಟ್ಟೇ ಬಂತು. ಇಂಥದ್ದಕ್ಕೂ ಪೂರ್ತಿ ಕೊಡದಿದ್ದರೆ ಆ ಪೆನ್ನು ಯಾಕೆ?

"ಆ ಒಂದು ಯಾಕ ಹೋತ್ರಿ?" ಕೊಟ್ರಸ್ವಾಮಿ ಮೆಲ್ಲಗೆ ಕೇಳಿದರು. ತಕರಾರಿರಲಿಲ್ಲ.

"ಬಾರು ಕಿತ್ತಿದ್ದು ಮೊದ್ಲಿಗೆ ಬರಬೇಕಿತ್ರಿ. ಹುಡುಗಿ ಯಾಕ ಕುಂತಳು ಅನ್ನೋದು ಕೊನಿಗೆ ಗೊತ್ತಾಗತೈತಿ. ಕ್ರಮಕ್ಕ ಎರಡು." ಅಮೃತಾ ಬಗ್ಗಿ ನೋಡಿ, ಹೌದು ಟೀಚರ್, ಅಂದಳು. ಅವಳ ಮುಖದಲ್ಲಿ ಬೇಸರ ಒಂಚೂರೂ ಇರಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಕೊಟ್ರಸ್ವಾಮಿಯ ಹೆಬ್ಬೆರಳು ಅಭ್ಯಾಸಬಲದಿಂದ ಕೆಂಪು ಗುರುತಿನ ಕಡೆ ಹೋಯಿತು. ಮಗಳ ಮುಖ ನೋಡಿ ಎತ್ತಿಕೊಂಡರು.

"ಯಾರ್ರೀ? ಹೇಳ್ರಿ, ಕೇಳಾಕತ್ತೀನಿ."

ಸಾಲ ಬೇಕಾ ಅಂತ ಕೇಳುವ ಯಾವುದೋ ಕಂಪನಿಯ ಹುಡುಗಿ. ಕೊನೆಯವರೆಗೂ ಕೇಳಿಸಿಕೊಂಡರು.