ಮಸ್ಕಿ ರಸ್ತೆಯಲ್ಲಿ ನಿಂತ ರೋಲರ್

ಮಸ್ಕಿಯಿಂದ ಸಿಂಧನೂರಿನ ಕಡೆ ಹೋಗುವ ರಸ್ತೆಗೆ ಕಂಕರ್ ಜಲ್ಲಿ ಹಾಕಿಸುವ ಗುತ್ತಿಗೆ ಅಪ್ಪನದು. ನಿಜಾಮರ ಕಾಲ. ನಾನು ಹೈದರಾಬಾದಿನಲ್ಲಿ ಓದು ಮುಗಿಸಿ ಊರಿಗೆ ಬಂದಿದ್ದೆ. ಉಗಿ ರೋಲರನ್ನು ಲಿಂಗಸುಗೂರಿನ ಸಾವುಕಾರನೊಬ್ಬನಿಂದ ಬಾಡಿಗೆಗೆ ತಂದಿದ್ದೆವು. ಡ್ರೈವರನ ಪಗಾರ ಅವನದು, ಊಟ ನಮ್ಮದು. ಕಟ್ಟಿಗೆ, ನೀರು ನಾವು ಕೊಡಬೇಕು. ಅವುಗಳಿಂದ ಯಂತ್ರ ಕೆಟ್ಟರೆ ದುರಸ್ತಿಯೂ ನಮ್ಮದೇ, ನಿಂತ ದಿನಗಳ ಬಾಡಿಗೆಯೂ ನಮ್ಮದೇ. ಯಂತ್ರದ್ದೋ ಡ್ರೈವರನದೋ ತಪ್ಪಾದರೆ ನಷ್ಟ ಸಾವುಕಾರನದು. ಜಾಮೀನಿಗೆ ಅಪ್ಪ ನಮ್ಮ ಬಂಡಿ, ಎತ್ತುಗಳನ್ನು ಬರೆದುಕೊಟ್ಟಿದ್ದ.

ಸಿಹಿನೀರಿನ ಬಾವಿಗೆ ಹೆಂಗಸರು ಕೊಡ ಹಿಡಿದು ಬರುತ್ತಿದ್ದರು. ಅಲ್ಲಿ ರೋಲರಿಗೆ ಪೀಪಾಯಿ ತುಂಬಿಸಲು ಅಪ್ಪನಿಗೆ ಮನಸ್ಸಾಗಲಿಲ್ಲ. ಬಂಡಿಯವರಿಗೆ ಉಪ್ಪುನೀರಿನ ಸವಳು ಬಾವಿ ತೋರಿಸಿದ.

ಒಂದು ಬೆಳಿಗ್ಗೆ ರೋಲರಿನ ಒಲೆಯೊಳಗೆ ಉಗಿ ನುಗ್ಗಿ ಬೆಂಕಿ ಆರಿತು. ಆ ಸದ್ದು ನಾನೇ ಕೇಳಿದೆನೋ, ಕೂಲಿಯವರು ಹೇಳಿದ್ದು ನನ್ನ ನೆನಪಾಗಿ ಕೂತಿದೆಯೋ, ಖಾತ್ರಿಯಿಲ್ಲ. ಬಾಯ್ಲರಿನಲ್ಲಿ ನೀರು ಇಳಿದರೆ ಕರಗಲೆಂದೇ ಇಟ್ಟ ಸೀಸದ ಬಿರಡೆ ಕರಗಿತ್ತು. ಗಾಜಿನ ಕೊಳವೆ ಮಾತ್ರ ನೀರಿದೆ ಎಂದೇ ತೋರಿಸುತ್ತಿತ್ತು.

ಸಾವುಕಾರ ಬಂದು ಬಾಯ್ಲರ್ ಬಿಚ್ಚಿಸಿದ. ಒಳಗೆ ಕಟ್ಟಿದ್ದ ಉಪ್ಪಿನ ಬಿಳೀ ಹಕ್ಕಳೆ ಉದುರಿತು. ಗಾಜಿನ ಕೊಳವೆಗೆ ನೀರು ಬರುವ ದಾರಿಯೂ ಅದರಿಂದಲೇ ಕಟ್ಟಿತ್ತು.

"ನೋಡ್ರಿ ಗುತ್ತೇದಾರ್ರ, ನಿಮ್ಮ ಸವಳು ನೀರು! ಎತ್ತು ಬಿಚ್ಚಿಕೊಡ್ರಿ."

ಅಪ್ಪ ಒಂದು ಹಕ್ಕಳೆ ಎತ್ತಿಕೊಂಡ. "ನೀರು ನಮ್ಮದು, ಖರೆ. ಆದ್ರ ಬಾಯ್ಲರ್ ತೊಳೆಯೋದು ಡ್ರೈವರನ ಕೆಲಸ ಅಲ್ರೀ? ಯಾವಾಗ ತೊಳ್ದಾನ, ಕೇಳ್ರಿ."

ತೊಳೆಯುವ ದಿನ ಬಾಡಿಗೆ ಇಲ್ಲವೆಂಬುದು ಕರಾರು. ಡ್ರೈವರ್ ಸಾವುಕಾರನ ಮುಖ ನೋಡಿದ, ನೆಲ ನೋಡಿದ. ಅವನು ಸುಮ್ಮನಿದ್ದರೆ ನಮ್ಮ ಬಂಡಿ ಹೋದಂತೆಯೇ.

"ಹೇಳಲೇ, ನಾಲಿಗಿ ಸವಳಾಗೇತೇನು?" ಸಾವುಕಾರ ಗದರಿದ.

"ತೊಳ್ದಿಲ್ರೀ ಮಾಲಕರ. ಒಂದ್ ದಿನದ ಬಾಡಿಗಿ ಹೋಕ್ಕತಿ, ಮುಂದ ತೊಳಿಯಾಕ ಬರ್ತದ ಅಂದವರು ನೀವ ಅಲ್ರೀ?"

ಅಪ್ಪನ ಕಡೆಯ ಮೇಸ್ತ್ರಿ, ಕೂಲಿಯವರು ಎಲ್ಲ ಕೇಳಿದ್ದರು. ಸಾವುಕಾರ ಬಿರಡೆ ತಾನೇ ಹಾಕಿಸುವೆನೆಂದ, ನಿಂತ ದಿನಗಳ ಬಾಡಿಗೆ ಬಿಟ್ಟ. ಕುದುರೆ ಏರುವಾಗ ಡ್ರೈವರನಿಗೆ ಮೆಲ್ಲಗೆ ಅಂದ: "ಇವತ್ತಿಗೆ ನಿನ್ನ ಚಾಕರಿ ಮುಗೀತು."

ಬಂಡಿ ಉಳಿಯಿತೆಂದು ನನಗೆ ಖುಷಿಯಾಗಿರಬೇಕು. ಆದರೆ ನೆನಪಿರುವುದು ಡ್ರೈವರನ ಮಾತು: "ಹೆಂಡ್ತಿ, ಮಕ್ಳು ಮಾಲಕರ ವಾಡೇದಾಗ ಅದಾರ್ರೀ. ನನಗಿಂತ ಮೊದ್ಲ ಮಾಲಕರು ಅಲ್ಲಿ ಮುಟ್ತಾರ."

ಅಪ್ಪ ರುಮಾಲು ಸುತ್ತಿಕೊಂಡು, ಬಂಡಿ ಹೂಡಿಸಿ, ಅವರನ್ನು ಕರೆತರಲು ಅವನ ಜೊತೆ ಲಿಂಗಸುಗೂರಿಗೆ ಹೊರಟ. ನಾನೂ ಬರುತ್ತೇನೆಂದೆನೇ? ಅಂದಿದ್ದೆನೆಂದು ಬಹಳ ವರ್ಷ ನಂಬಿದ್ದೆ. ಈಗ ನಂಬಿಕೆಯಿಲ್ಲ. ಅವ್ವ ಒಲೆ ಹಚ್ಚದೆ ಬಾಗಿಲಲ್ಲೇ ಕೂತಳು. ದಾರಿಯಲ್ಲಿ ನಾಯಿ ಬೊಗಳಿದರೂ ಏಳುತ್ತಿದ್ದಳು. ಮರುದಿನ ಬಂಡಿ ಅಂಗಳಕ್ಕೆ ಬಂದಾಗ ಯಾರನ್ನೂ ಮಾತಾಡಿಸದೆ ಮೊದಲು ತಲೆ ಎಣಿಸಿದಳು: ಅಪ್ಪ, ಡ್ರೈವರ್, ಅವನ ಹೆಂಡತಿ, ಮಕ್ಕಳು.